ಅತ್ತೆ ಹೊಡೆದು ಹಾಕಿಸಿದ ಸಾಲು

2023ರ ಜೂನ್ 11, ಭಾನುವಾರ, ಬೆಳಿಗ್ಗೆ 6.20. ಅತ್ತೆ ಫೋನ್ ಮಾಡಿದ್ದು ಆ ಹೊತ್ತಿಗೆ. ಅಪ್ಪ ಸ್ನಾನಕ್ಕೆ ಹೋಗಿದ್ದರು, ನಾನು ಎತ್ತಿಕೊಂಡೆ. "ತಾತ ಕಾಫಿಗೆ ಎಬ್ಬಿಸಿದ್ರೆ ಏಳ್ತಾ ಇಲ್ಲ ಕಣೇ," ಅಂದರು. ಆಮೇಲೆ, "ಅಪ್ಪಂಗೆ ನಿಧಾನಕ್ಕೆ ಹೇಳು, ಗಾಡಿ ಓಡಿಸ್ಕೊಂಡು ಬರಬೇಕು," ಅಂದರು. ಬ್ಯಾಡರಹಳ್ಳಿಯಿಂದ ಅತ್ತಿಗುಪ್ಪೆಗೆ ನಾವು ಮುಟ್ಟಿದಾಗ 7.15. ತಾತನ ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಿತ್ತು.

ತಾತ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಕೆಲಸ ಮಾಡಿದವರು. ಅತ್ತಿಗುಪ್ಪೆಯ ಆ ಮನೆಗೆ ಬಾಡಿಗೆಗೆ ಬಂದದ್ದು 1984ರಲ್ಲಿ. ಒಂದೇ ಸಾಲಿನ ನಾಲ್ಕು ಮನೆಗಳ ವಠಾರ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಇಬ್ಬರು ಕೂರುವಷ್ಟು ಜಗಲಿ. ಅಗ್ರಿಮೆಂಟು ಅಂತ ಏನೂ ಇರಲಿಲ್ಲ. ಅತ್ತಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹೊಲ ಉಳುತ್ತಿದ್ದ ಒಬ್ಬರು ಆ ವಠಾರ ಕಟ್ಟಿಸಿದ್ದರು, ಅವರೇ ಓನರ್. ಅವರು ತೀರಿಕೊಂಡಾಗ ತಾತನ ಮನೆಯಲ್ಲಿ ಏನೂ ಬದಲಾಗಲಿಲ್ಲ. ಮುಂದಿನ ಒಂದನೇ ತಾರೀಕು ಬಾಡಿಗೆ ತೆಗೆದುಕೊಳ್ಳಲು ಅವರ ದೊಡ್ಡ ಮಗ ಬಂದರು, ಅಷ್ಟೆ. ಆಮೇಲೆ ನಮಗೆ ಓನರ್ ಎಂದರೆ ಅವರೇ. ಓನರ್ ಸತ್ತರೆ ಬಾಡಿಗೆದಾರನಿಗೆ ಏನೂ ಆಗುವುದಿಲ್ಲ ಎಂದು ನಾನು ಅಂದುಕೊಂಡದ್ದು ಹಾಗೆ. ಬಾಡಿಗೆದಾರ ಸತ್ತರೆ ಏನು ಎಂದು ಯೋಚಿಸಿರಲಿಲ್ಲ.

ಅತ್ತೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ, 2001ರಲ್ಲಿ, ಒಂದು ಟ್ರಂಕಿನ ಜೊತೆ ತವರಿಗೆ ಬಂದರು. ಮಕ್ಕಳಿರಲಿಲ್ಲ. ಅಜ್ಜಿ ಅದಕ್ಕೂ ಮುಂಚೆಯೇ ಹೋಗಿದ್ದರು. ಅಪ್ಪ ಮದುವೆಯಾಗಿ ಬೇರೆ ಇದ್ದರು, ಆಮೇಲೆ ಬ್ಯಾಡರಹಳ್ಳಿಯಲ್ಲಿ ಸೈಟು ಮಾಡಿ ಮನೆ ಕಟ್ಟಿಕೊಂಡರು. ಹಾಗಾಗಿ ಆ ಎರಡು ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಇದ್ದದ್ದು ತಾತ ಮತ್ತು ಅತ್ತೆ ಇಬ್ಬರೇ.

ಭಾನುವಾರಗಳನ್ನು ನಾನು ಅಲ್ಲಿ ಕಳೆಯುತ್ತಿದ್ದೆ. ಅತ್ತೆ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದರು, ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಎರಡು ಬೀದಿ ಆಚೆಯ ಮ್ಯಾಚಿಂಗ್ ಸೆಂಟರಿನವರು ಚೀಲ ಕಳಿಸುತ್ತಿದ್ದರು, ಅಕ್ಕಪಕ್ಕದ ಹೆಂಗಸರು ತಾವೇ ತಂದು ಕೊಡುತ್ತಿದ್ದರು. "ಮೂರು ಕೊಟ್ಟಿದ್ದೆ, ಎರಡೇ ಇದೆ," ಎಂದು ಯಾರೋ ಒಮ್ಮೆ ಜಗಳ ತೆಗೆದ ಮೇಲೆ, ಯಾರ ಸೀರೆ, ಯಾವ ಬಣ್ಣ, ಯಾವತ್ತು ಬಂತು, ಯಾವತ್ತು ಹೋಯ್ತು ಎಂದು ಬರೆದಿಡುವ ಕೆಲಸ ನನಗೆ ಬಂತು. ಆಗ ನನಗೆ ಹನ್ನೆರಡು ವರ್ಷ. ದಿನಾಂಕ ಹಾಕಿ ಬರೆಯುವ ಅಭ್ಯಾಸ ಹತ್ತಿದ್ದು ಆ ಪುಸ್ತಕದಿಂದ. ತಿಂಗಳಿಗೆ ನಲವತ್ತು ಸೀರೆಗಿಂತ ಕಡಿಮೆ ಆದದ್ದು ಅಪರೂಪ.

ಇನ್ನೊಂದು ವಿಷಯವೂ ನನಗೆ ಆಗಿನಿಂದಲೇ ಗೊತ್ತಿತ್ತು. ಒಂದನೇ ತಾರೀಕು ಸಂಜೆ ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಓನರ್ ಬಂದಾಗ ಜೇಬಿಗೆ ಕೈಹಾಕಿ, "ತಗೊಳಪ್ಪ, ಎಣಿಸ್ಕೋ," ಎಂದು ಬಾಡಿಗೆ ಕೊಡುತ್ತಿದ್ದರು. ಅವರು "ನೀವು ಕೊಟ್ಟಿದ್ದನ್ನ ಎಣಿಸೋದೇನು ಬನ್ನಿ," ಎನ್ನುತ್ತಿದ್ದರು. ಆ ಅಂಗಿಯನ್ನು ಇಸ್ತ್ರಿ ಮಾಡಿ ಗೂಟಕ್ಕೆ ನೇತುಹಾಕುವಾಗಲೇ ಅತ್ತೆ ಅದರ ಜೇಬಿನಲ್ಲಿ ಹಣ ಇಟ್ಟಿರುತ್ತಿದ್ದರು. ತಾತ ಕೇಳುತ್ತಿರಲಿಲ್ಲ, ಅತ್ತೆ ಹೇಳುತ್ತಿರಲಿಲ್ಲ. ಮಿಲ್ಲಿನ ಪೆನ್ಷನ್ ತಾತನ ಬಿ.ಪಿ. ಮಾತ್ರೆಗೂ ಎಲೆ ಅಡಿಕೆಗೂ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಸೀರೆಯಿಂದ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಹೇಳುವಂಥ ವಿಷಯ ಎಂದು ಅನ್ನಿಸಿರಲಿಲ್ಲ.

ಜೂನ್ 21, ಬುಧವಾರ, ಹನ್ನೊಂದನೇ ದಿನದ ಕಾರ್ಯ. ಓನರ್ ಬಂದು, ಪಂಕ್ತಿಯಲ್ಲಿ ಕೂತು ಊಟ ಮಾಡಿ ಹೋದರು. ಮತ್ತೆ ಬಂದದ್ದು 25ರ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಜಗಲಿಯ ಮೇಲೆ ಕೂರಲಿಲ್ಲ, ಒಳಗೂ ಬರಲಿಲ್ಲ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತರು. ಅವರು ಅತ್ತೆಗಿಂತ ಮೂರು ನಾಲ್ಕು ವರ್ಷಕ್ಕೆ ಚಿಕ್ಕವರು, ಸಣ್ಣವರಿದ್ದಾಗಿನಿಂದ ಅಕ್ಕ ಎಂದೇ ಕರೆಯುವವರು.

"ಅಕ್ಕಾ, ನಮ್ಮಪ್ಪ ಸಾಯೋಕೆ ಮುಂಚೆ ನನ್ನ ಹತ್ರ ಮಾತು ತಗೊಂಡಿದ್ರು. ಮಿಲ್ಲಿನ ಯಜಮಾನರು, ನಿಮ್ಮಪ್ಪ, ಇರೋವರೆಗೂ ಆ ಮನೆ ಕೇಳಬಾರದು ಅಂತ. ನಾನು ಕೇಳಲಿಲ್ಲ."

"ಕೇಳಲಿಲ್ಲಪ್ಪ. ಇಲ್ಲ ಅಂತ ಯಾರು ಅಂದ್ರು," ಅಂದರು ಅತ್ತೆ.

"ಈಗ ನನ್ನ ತಮ್ಮಂದಿರು ಬಿಡ್ತಾ ಇಲ್ಲ. ಮಿಕ್ಕ ಮೂರು ಮನೆ ಖಾಲಿ ಆಗಿ ಎರಡು ವರ್ಷ ಆಯ್ತು. ಇದೊಂದು ಆದ್ರೆ ಪೂರ್ತಿ ಕೆಡವಿ ಕಟ್ಟಬಹುದು ಅಂತಾರೆ. ಅಪ್ಪಂದು ಅಂದ್ಮೇಲೆ ಎಲ್ಲರ ಪಾಲೂ ಇದೆಯಲ್ಲ, ನಾನೊಬ್ಬನೇ ಹೇಳಂಗಿಲ್ಲ."

"ಕೂತ್ಕೊಂಡು ಮಾತಾಡು. ನಿಂತ್ಕೊಂಡು ಮನೆ ಖಾಲಿ ಮಾಡು ಅಂತಾರಾ ಯಾರಾದ್ರೂ?"

ಅವರು ನಕ್ಕರು, ಆದರೂ ಕೂರಲಿಲ್ಲ. ಜುಲೈ 14, ಶುಕ್ರವಾರ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟೀಸು ಬಂತು. ಮೂವರು ಅಣ್ಣತಮ್ಮಂದಿರ ಪರವಾಗಿ ಕಳಿಸಿದ್ದು. ಬಾಡಿಗೆದಾರರು ಮೃತಪಟ್ಟಿರುವುದರಿಂದ ಬಾಡಿಗೆ ಹಕ್ಕು ಅವರೊಂದಿಗೇ ಕೊನೆಗೊಂಡಿದೆ, ಒಂದು ತಿಂಗಳೊಳಗೆ ಮನೆ ಬಿಟ್ಟುಕೊಡಬೇಕು ಎಂದು ಅದರಲ್ಲಿತ್ತು. ಅತ್ತೆ ಅದನ್ನು ನನ್ನಿಂದ ಓದಿಸಿಕೊಂಡು, ಮಡಿಸಿ, ಸೂಜಿ ಡಬ್ಬಿಯ ಕೆಳಗೆ ಇಟ್ಟು, ಮತ್ತೆ ಕುಚ್ಚು ಕಟ್ಟಲು ಕೂತರು. ಮಾರನೇ ದಿನ ನಾಮಕರಣಕ್ಕೆ ಹೋಗುವವರ ಸೀರೆ ಅದು.

ಅಪ್ಪ ಮೊದಲು ಹೇಳಿದ್ದು, "ಅಕ್ಕ, ನಮ್ಮನೆಗೆ ಬಂದ್ಬಿಡು."

"ನಿಮ್ಮ ಬ್ಯಾಡರಹಳ್ಳೀಲಿ ನಂಗೆ ಯಾರು ಸೀರೆ ಕೊಡ್ತಾರೆ?"

"ಸೀರೆ ಬಿಡು. ಐವತ್ತೈದು ಆಯ್ತು. ಆರಾಮಾಗಿ ಕೂತ್ಕೊಂಡಿರು."

"ಕೂತ್ಕೊಂಡು ನಿನ್ನ ಹೆಂಡತಿ ಮಾಡಿದ ಅಡುಗೆಗೆ ಉಪ್ಪು ಕಮ್ಮಿ ಅಂತ ಹೇಳ್ತಾ ಇರಬೇಕಾ?"

ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ಮರುದಿನ ಸಂಜೆ ಮೂವರೂ ವಿಜಯನಗರದಲ್ಲಿ ಒಬ್ಬ ವಕೀಲರ ಬಳಿ ಹೋದೆವು. ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಗೋಡೆ ತುಂಬ ಫೈಲು. ಸುಮಾರು ಅರವತ್ತರ ವಯಸ್ಸಿನವರು, ಮೆತ್ತಗೆ ಮಾತಾಡುವವರು. ನೋಟೀಸು ಓದಿ ಮುಗಿಸಿ, "ಇದರಲ್ಲಿ ಬರೆದಿರೋದು ಸರಿ ಇಲ್ಲ. ಬಾಡಿಗೆದಾರ ಸತ್ತ ತಕ್ಷಣ ಎಲ್ಲ ಮುಗೀತು ಅಂತ ಇಲ್ಲ," ಅಂದರು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು.

ವಕೀಲರು ಒಂದೊಂದಾಗಿ ಕೇಳುತ್ತಾ ಹೋದರು. 2001ರ ಕೊನೆಯಲ್ಲಿ ಬಾಡಿಗೆ ಎಷ್ಟಿತ್ತು? ನಾನೂರೈವತ್ತು. ಹಾಗಾದರೆ ಈ ಮನೆ ಬಾಡಿಗೆ ಕಾಯ್ದೆಯೊಳಗೆ ಬರುತ್ತದೆ, ಬೆಂಗಳೂರಿನಲ್ಲಿ ಆಗ ತಿಂಗಳಿಗೆ ಮೂರೂವರೆ ಸಾವಿರ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದರು. ತಾತನ ಹೆಂಡತಿ ಇದ್ದಾರಾ? ಇಲ್ಲ. ಇದ್ದಿದ್ದರೆ ಮೊದಲು ಅವರಿಗೆ. ಇಲ್ಲದಿದ್ದರೆ ಮಗ, ಮಗಳು. ಅಪ್ಪನ ಕಡೆ ತಿರುಗಿ, "ನೀವು ಅವರ ಜೊತೆ ಇರಲಿಲ್ಲ, ಬೇರೆ ಮನೆ ಇದೆ. ನಿಮಗೆ ಬರಲ್ಲ," ಅಂದರು. ಅತ್ತೆಯ ಕಡೆ ತಿರುಗಿ, "ನೀವು ಜೊತೆಗಿದ್ರಿ. ನಿಮಗೆ ಬೇರೆ ಮನೆ ಇದ್ಯಾ ಅಮ್ಮ, ಗಂಡನ ಕಡೆಯಿಂದ?"

"ಒಂದು ಟ್ರಂಕು ಇದೆ ಸಾರ್."

ವಕೀಲರು ಬರೆದುಕೊಂಡರು. ಆಮೇಲೆ ವಿವರಿಸಿದರು. ಸತ್ತವರ ಜೊತೆ ಕುಟುಂಬದವರಾಗಿ ವಾಸವಿದ್ದು, ಅವರನ್ನೇ ಅವಲಂಬಿಸಿದ್ದ ಮಗಳಿಗೆ ಬಾಡಿಗೆ ಹಕ್ಕು ಸಾವಿನ ದಿನದಿಂದ ಐದು ವರ್ಷ ಬರುತ್ತದೆ. ಶಾಶ್ವತವಾಗಿ ಅಲ್ಲ, ಐದು ವರ್ಷ. ಜೊತೆಗಿದ್ದರೂ ಅವಲಂಬಿಸಿರದಿದ್ದರೆ ಒಂದು ವರ್ಷ ಮಾತ್ರ. ನಾನು ಡೈರಿಯಲ್ಲಿ ಬರೆದೆ: 2028 ಜೂನ್, ಅಥವಾ 2024 ಜೂನ್.

"ಮನೆ ಖರ್ಚು ಯಾರು ನೋಡ್ಕೋತಿದ್ರು?" ಎಂದು ವಕೀಲರು ಕೇಳಿದರು.

"ನಮ್ಮ ತಂದೇನೇ ಸಾರ್. ಪೆನ್ಷನ್ ಬರ್ತಿತ್ತು. ಕೊನೇವರೆಗೂ ಬಾಡಿಗೆ ಅವರ ಕೈಯಾರೆ ಕೊಟ್ಟಿದಾರೆ, ಓನರ್‌ನೇ ಕೇಳಿ," ಎಂದು ಅಪ್ಪ ಹೇಳಿದರು. ಅದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಹೆಮ್ಮೆ ಇತ್ತು. ಅತ್ತೆ ಫ್ಯಾನಿನ ಸ್ವಿಚ್ಚು ನೋಡುತ್ತಾ ಕೂತಿದ್ದರು. ನಾನು ಡೈರಿ ನೋಡುತ್ತಾ ಕೂತಿದ್ದೆ. ಒಂದು ವಾರದಲ್ಲಿ ಉತ್ತರ ತಯಾರು ಮಾಡಿಡುತ್ತೇನೆ ಎಂದು ವಕೀಲರು ಹೇಳಿ ಕಳಿಸಿದರು.

ಆ ವಾರ ಅಪ್ಪ ಖುಷಿಯಲ್ಲಿದ್ದರು. ಐದು ವರ್ಷ ಎಂದು ಅಮ್ಮನಿಗೆ ಮೂರು ಸಲ ಹೇಳಿದರು. ಐದು ವರ್ಷದಲ್ಲಿ ಅಕ್ಕನಿಗೆ ಅರವತ್ತು, ಅಷ್ಟರಲ್ಲಿ ನಮ್ಮ ಮನೆ ಮೇಲೆ ಒಂದು ರೂಮು ಹಾಕಿಸಿದರೆ ಆಯ್ತು ಎಂದು ಲೆಕ್ಕ ಹಾಕಿದರು. ಅತ್ತೆಯೂ ಐದು ವರ್ಷಕ್ಕೆ ಆಸೆಪಟ್ಟಿದ್ದರು, ಅದು ನನಗೆ ಗೊತ್ತು. ಹಿಂದಿನ ಕೋಣೆಯ ಬಲ್ಬಿನ ಹೋಲ್ಡರ್ ಹಾಳಾಗಿ ತಿಂಗಳಾಗಿತ್ತು. ಆ ಗುರುವಾರ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿದ್ದರು.

ಜುಲೈ 22, ಶನಿವಾರ, ಸಂಜೆ 6.40. ವಕೀಲರು ಉತ್ತರವನ್ನು ಕನ್ನಡದಲ್ಲೇ ಟೈಪ್ ಮಾಡಿಸಿದ್ದರು, ಅತ್ತೆಗೆ ಅರ್ಥವಾಗಲಿ ಎಂದು. ಜೋರಾಗಿ ಓದಿದರು. ನಮ್ಮ ಕಕ್ಷಿದಾರರು ಮೃತರ ಮಗಳು, ವಿಧವೆ, 2001ರಿಂದ ಸದರಿ ಮನೆಯಲ್ಲಿ ಮೃತರ ಜೊತೆಯಲ್ಲೇ ವಾಸವಾಗಿರುತ್ತಾರೆ. ಅವರಿಗೆ ಸ್ವಂತ ಆದಾಯವಿಲ್ಲದೆ, ಅನ್ನ ವಸ್ತ್ರಕ್ಕೆ ಪೂರ್ತಿಯಾಗಿ ಮೃತ ತಂದೆಯವರನ್ನೇ ಅವಲಂಬಿಸಿದ್ದರು.

"ಆ ಕೊನೇದು ಇನ್ನೊಂದ್ಸಲ ಓದಿ ಸಾರ್," ಅಂದರು ಅತ್ತೆ.

ವಕೀಲರು ಓದಿದರು.

"ಅದು ಬೇಡ. ತೆಗೆದುಬಿಡಿ."

"ಅದೇ ಮುಖ್ಯ ಅಮ್ಮ. ಅದು ತೆಗೆದರೆ ಐದು ಹೋಗಿ ಒಂದಾಗುತ್ತೆ."

"ಆದ್ರೆ ಆಗಲಿ. ಅದು ನಿಜ ಅಲ್ಲ."

ಅಪ್ಪ, "ಅಕ್ಕ, ಸುಮ್ನಿರು. ಅದು ಕೋರ್ಟ್ ಭಾಷೆ," ಅಂದರು.

"ಯಾವ ಭಾಷೆ ಆದ್ರೇನೋ? ನಂಗೆ ಅನ್ನ ಇರಲಿಲ್ಲ, ಬಟ್ಟೆ ಇರಲಿಲ್ಲ ಅಂತ ತಾನೇ ಬರೆದಿರೋದು?" ಎಂದು ಅತ್ತೆ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕೈಬರಹದ ಪುಸ್ತಕ. ಹಸಿರು ಮೈಸೂರು ಸಿಲ್ಕು, ಫಾಲ್ಸ್. ಅರಿಶಿನ ಕಾಟನ್, ಕುಚ್ಚು, ನಾಲ್ಕು ದಿನ. ಪುಟದಿಂದ ಪುಟಕ್ಕೆ ಹೀಗೇ. "ಇದು ಒಂದು, ಇಂಥವು ಮನೇಲಿ ಇನ್ನೂ ಎಂಟಿದೆ. ಮನೆ ನಡೆಸಿದ್ದು ಇದು ಸಾರ್. ಬಾಡಿಗೇನೂ ಇದೇ. ಅಪ್ಪ ನನ್ನ ಸಾಕಲಿಲ್ಲ. ನಾನು ಅವರನ್ನ ಸಾಕಿದೆ ಅಂತಾನೂ ಹೇಳಲ್ಲ. ಇದ್ವಿ ಇಬ್ಬರೂ."

ವಕೀಲರು ಪುಸ್ತಕದ ಎರಡು ಮೂರು ಪುಟ ತಿರುವಿ ನೋಡಿ, ಹಿಂದಕ್ಕೆ ಕೊಟ್ಟರು. "ಹೋದ ವಾರ ನಿಮ್ಮ ತಮ್ಮ ಬೇರೆ ಹೇಳಿದ್ರಲ್ಲಮ್ಮ."

"ಅವನಿಗೆ ಗೊತ್ತಿರಲಿಲ್ಲ."

ಅಪ್ಪ ನನ್ನ ಕಡೆ ನೋಡಿದರು. "ನಿಂಗೆ?" ಎಂದು ಕೇಳಿದರು. ನಾನು ಹೂಂ ಅಂದೆ. ಅವರು ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತರು. ಇಪ್ಪತ್ತೆರಡು ವರ್ಷ ಅಪ್ಪ ಆ ಮನೆಗೆ ಹಬ್ಬಕ್ಕೆ ಹಣ್ಣು ತಂದದ್ದು, ದೀಪಾವಳಿಗೆ ಅಕ್ಕನಿಗೆ ಸೀರೆ ತಂದದ್ದು, ಅದಕ್ಕಿಂತ ಹೆಚ್ಚು ಬೇಕಿಲ್ಲ ಎಂದು ನಂಬಿದ್ದದ್ದು, ಎಲ್ಲ ಅಲ್ಲಿ ನಿಂತು ಅವರಿಗೆ ನೆನಪಾಗುತ್ತಿತ್ತೇನೋ. ನಾನು ಹಿಂದೆ ಹೋಗಲಿಲ್ಲ.

ವಕೀಲರು ಅತ್ತೆಗೆ ಇನ್ನೊಮ್ಮೆ ಸಮಾಧಾನದಿಂದ ಹೇಳಿದರು. ಸುಳ್ಳು ಬರೆಯಿರಿ ಎಂದು ಅವರು ಹೇಳಲಿಲ್ಲ; ಗೊತ್ತಾದ ಮೇಲೆ ತಾವೂ ಬರೆಯುವುದಿಲ್ಲ ಎಂದರು. ಆದರೆ ಒಂದೇ ಮನೆಯಲ್ಲಿ ಇಬ್ಬರ ಆದಾಯವೂ ಸೇರಿ ನಡೆಯುತ್ತಿತ್ತು, ತಂದೆಯ ಆಸರೆಯೂ ಇತ್ತು ಎಂದು ಬರೆದು ವಾದ ಮಾಡಬಹುದು, ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು, ಇದಕ್ಕೆ ವರ್ಷಗಳು ಹಿಡಿಯಬಹುದು ಎಂದರು. ಒಂದು ವರ್ಷ ಮುಗಿದ ಮೇಲೂ ಓನರ್ ಕೋರ್ಟಿಗೇ ಹೋಗಬೇಕು, ಬಂದು ಸಾಮಾನು ಹೊರಗೆ ಹಾಕುವ ಹಾಗಿಲ್ಲ ಎಂದೂ ಹೇಳಿದರು.

ಅತ್ತೆ ಕೇಳಿಸಿಕೊಂಡರು. "ಅಪ್ಪ ಇರೋವರೆಗೂ ಜಗಲಿ ಮೇಲೆ ಕೂತು ಅವರೇ ಕೊಡಲಿ ಅಂತ ಇದ್ದೆ. ಆ ಓನರ್ ಮುಂದೆ, ಕೋರ್ಟಲ್ಲಿ ನಿಂತ್ಕೊಂಡು ಅಪ್ಪನ ಜೇಬಲ್ಲಿ ಎಷ್ಟಿತ್ತು, ನನ್ನ ಡಬ್ಬೀಲಿ ಎಷ್ಟಿತ್ತು ಅಂತ ಬಿಡಿಸಿ ಹೇಳೋಕೆ ನನ್ನ ಕೈಲಾಗಲ್ಲ ಸಾರ್. ಒಂದು ವರ್ಷ ಅಂತ ಬರೀರಿ."

ವಕೀಲರು ಪೆನ್ನಿನಿಂದ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಅದರ ಬದಲು, ನಮ್ಮ ಕಕ್ಷಿದಾರರು ಸ್ವಂತ ದುಡಿಮೆಯಿಂದ ಜೀವನ ನಡೆಸುತ್ತಿದ್ದು, ಕಾಯ್ದೆಯ ಪ್ರಕಾರ ಸಾವಿನ ದಿನದಿಂದ ಒಂದು ವರ್ಷ ಮನೆಯಲ್ಲಿರಲು ಹಕ್ಕುಳ್ಳವರು ಎಂದು ಬರೆದರು. ಮತ್ತೆ ಟೈಪ್ ಆಗಿ ಬಂದ ಆಫೀಸ್ ಕಾಪಿಗೆ ಅತ್ತೆ ಸಹಿ ಮಾಡಿದಾಗ ರಾತ್ರಿ 7.50. ವಾಪಸ್ಸು ಬರುವಾಗ ಅಪ್ಪ ಅಕ್ಕನ ಚಪ್ಪಲಿಯನ್ನು ತಾವೇ ಮೆಟ್ಟಿಲ ಹತ್ತಿರ ತಿರುಗಿಸಿಟ್ಟರು.

ಜುಲೈ ಒಂದಕ್ಕೆ ಓನರ್ ಬಂದಿರಲಿಲ್ಲ; ಆಗಸ್ಟ್ ಒಂದನೇ ತಾರೀಕು ಎಂದಿನಂತೆ ಸಂಜೆ ಬಂದರು. ನಾನು ಅಲ್ಲೇ ಇದ್ದೆ. ಈ ಸಲ ಕೂತರು.

"ಅಕ್ಕಾ, ನಿಮ್ಮ ವಕೀಲರ ಲೆಟರ್ ಓದಿದೆ. ಒಂದು ವರ್ಷ ಅಂದ್ರೆ ತಮ್ಮಂದಿರು ಒಪ್ಪಿದ್ರು." ಆಮೇಲೆ, "ಇಷ್ಟು ವರ್ಷ ಬಾಡಿಗೆ ನೀವೇ ಕೊಡ್ತಿದ್ರಾ?" ಎಂದು ಕೇಳಿದರು.

"ಕೊಡ್ತಿದ್ದದ್ದು ಅಪ್ಪಾನೇ. ನಾನು ಜೇಬಲ್ಲಿ ಇಡ್ತಿದ್ದೆ."

"ನಾನೊಬ್ಬ ಮಂಕ. ಒಂದು ದಿನಾನೂ ಗೊತ್ತಾಗಲಿಲ್ಲ."

"ಗೊತ್ತಾಗಿದ್ರೆ ಏನ್ಮಾಡ್ತಿದ್ದೆ? ಜಾಸ್ತಿ ಕೇಳ್ತಿದ್ಯಾ?"

ಅವರು ತಲೆ ಅಲ್ಲಾಡಿಸಿದರು. ಎರಡು ತಿಂಗಳ ಬಾಡಿಗೆಯನ್ನು ಅತ್ತೆ ಮೊದಲ ಸಲ ತಾವೇ ಅವರ ಕೈಗೆ ಕೊಟ್ಟರು. ಅವರು ಎಣಿಸಲಿಲ್ಲ. ಅವರು ಹೋದ ಮೇಲೆ ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ನಿಂತಿದ್ದರು. ತೊಳೆಯುವ ಪಾತ್ರೆ ಯಾವುದೂ ಇರಲಿಲ್ಲ.

ಆ ವರ್ಷ ನಾವು ಅತ್ತಿಗುಪ್ಪೆ, ವಿಜಯನಗರದಲ್ಲಿ ಮನೆ ನೋಡಿದ್ದು ಹತ್ತೊಂಬತ್ತು ಸಲ. ಹನ್ನೊಂದು ಕಡೆ ಬಾಡಿಗೆ ಕೈಗೆ ಎಟುಕಲಿಲ್ಲ. ಐದು ಕಡೆ, "ಒಬ್ರೇನಾ? ಜೊತೇಲಿ ಯಾರಿರ್ತಾರೆ?" ಎಂದು ಕೇಳಿ, ಆಮೇಲೆ ಫೋನ್ ಎತ್ತಲಿಲ್ಲ. ಎರಡು ಕಡೆ ಮೂರನೇ ಮಹಡಿ. ಒಂದು ಕಡೆ ಅತ್ತೆಗೆ ಇಷ್ಟವಾಗಿತ್ತು, ಬೆಳಿಗ್ಗೆ ಒಪ್ಪಿದ ಆಂಟಿ ಸಂಜೆ ಬೇರೆಯವರಿಗೆ ಕೊಟ್ಟರು. ಕೊನೆಗೆ ಸಿಕ್ಕಿದ್ದು ಬ್ಯಾಡರಹಳ್ಳಿಯಲ್ಲಿ, ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ, ಮೊದಲನೇ ಮಹಡಿಯಲ್ಲಿ ಒಂದು ರೂಮು. ನಮ್ಮ ಮನೆಗೆ ಬರಲು ಮಾತ್ರ ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ.

ಹೊಸ ಮನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟು. ಬಾಡಿಗೆದಾರರು ಎಂಬಲ್ಲಿ ಅತ್ತೆಯ ಹೆಸರು. ನನ್ನಿಂದ ಪೂರ್ತಿ ಓದಿಸಿಕೊಂಡು, "ನಾನು ಹೋದ್ರೆ ಯಾರಿಗೆ ಅಂತ ಇದರಲ್ಲಿ ಇಲ್ವಲ್ಲ," ಅಂದರು.

"ಇಲ್ಲ ಅತ್ತೆ."

"ಒಳ್ಳೇದು. ಯಾರೂ ಇಲ್ವಲ್ಲ, ಯಾರಿಗೂ ತೊಂದರೆ ಇಲ್ಲ." ಸಹಿ ಮಾಡಿದರು.

2024ರ ಜೂನ್ 9, ಭಾನುವಾರ, ಮಧ್ಯಾಹ್ನ 12.10ಕ್ಕೆ ಅತ್ತಿಗುಪ್ಪೆಯ ಮನೆಯ ಬೀಗದಕೈ ಕೊಟ್ಟೆವು. ತಾತ ಹೋಗಿ 364 ದಿನ. ಓನರ್ ಬೀಗದಕೈ ತೆಗೆದುಕೊಳ್ಳುವಾಗ, "ಇನ್ನೆರಡು ದಿನ ಇದ್ರೂ ಆಗ್ತಿತ್ತು ಅಕ್ಕ," ಅಂದರು. "ನಾಡಿದ್ದು ಅಪ್ಪನ ವರ್ಷಾಬ್ದಿಕ. ಅವತ್ತು ಸಾಮಾನು ಸಾಗಿಸೋಕಾಗಲ್ಲ," ಅಂದರು ಅತ್ತೆ. ಗಾಡಿಗೆ ಹತ್ತಿದ್ದು ಒಂದು ಮಂಚ, ಹೊಲಿಗೆ ಮಷೀನು, ಗ್ಯಾಸ್ ಸ್ಟೌ, ಹದಿನಾಲ್ಕು ಚೀಲ. ಅತ್ತೆ ಹಿಂತಿರುಗಿ ನೋಡಿದರೋ ಇಲ್ಲವೋ ನಾನು ಗಮನಿಸಲಿಲ್ಲ, ಸ್ಟೌ ಹಿಡಿದುಕೊಂಡಿದ್ದೆ.

ಹಿಂದಿನ ಮನೆಯಲ್ಲಿ ಕೊನೆಯ ಪೂರ್ತಿ ತಿಂಗಳಾದ ಮೇಯಲ್ಲಿ ಬಂದ ಸೀರೆ 41. ಹೊಸ ರೂಮಿನಲ್ಲಿ ಜುಲೈ ತಿಂಗಳು 3, ಆಗಸ್ಟ್ 5, ಸೆಪ್ಟೆಂಬರ್ 4. ಅದರಲ್ಲಿ ಅರ್ಧ ಅಮ್ಮನವೇ, ಅಮ್ಮ ಬೇಕೆಂದೇ ಹಳೆಯ ಸೀರೆಗೆ ಫಾಲ್ಸ್ ಬದಲಾಯಿಸಲು ಕೊಡುತ್ತಾರೆ. ಅತ್ತೆಗೆ ಅದು ಗೊತ್ತು, ಹೊಲಿದು ಕೊಡುತ್ತಾರೆ. ಬಾಡಿಗೆಯ ಹೆಚ್ಚಿನ ಭಾಗ ಈಗ ಅಪ್ಪ ಕೊಡುತ್ತಾರೆ. ಒಂದನೇ ತಾರೀಕಿಗೆ ಮುಂಚಿನ ಸಂಜೆ ಹೋಗಿ, ಅಕ್ಕನ ಸೂಜಿ ಡಬ್ಬಿಯೊಳಗೆ ಇಟ್ಟು ಬರುತ್ತಾರೆ. ಹಾಗೆ ಮಾಡು ಎಂದು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಅತ್ತೆ ಅದನ್ನು ತೆಗೆದುಕೊಂಡು ಕೆಳಗಿನ ಮನೆಯ ಓನರ್‌ಗೆ ಕೊಟ್ಟು ಬರುತ್ತಾರೆ, ಬಂದು ಮಲಗಿಬಿಡುತ್ತಾರೆ. ಅವತ್ತು ಊಟ ಮಾಡುವುದಿಲ್ಲ.

ನನಗೆ ತಿಳಿಯಬೇಕಾದದ್ದು ಒಂದಿದೆ. ಮಗಳು ತಂದೆಯನ್ನು ಅವಲಂಬಿಸಿದ್ದರೆ ಐದು ವರ್ಷ. ತಂದೆಯೇ ಮಗಳನ್ನು ಅವಲಂಬಿಸಿದ್ದ ಮನೆಗೆ, ಬಾಡಿಗೆಯನ್ನು ಅವಳೇ ದುಡಿದು ಕೊಟ್ಟಿದ್ದರೂ, ಒಂದೇ ವರ್ಷವೇ? ಅಂಥ ಮಗಳನ್ನೂ ಬಾಡಿಗೆದಾರಳೆಂದು ಯಾವುದಾದರೂ ಕೋರ್ಟು ಒಪ್ಪಿದ್ದುಂಟೇ? ವಕೀಲರನ್ನು ಆಮೇಲೆ ಎರಡು ಸಲ ಕೇಳಿದೆ. ಹುಡುಕಿ ನೋಡಬೇಕು ಎಂದರು. ಅತ್ತೆಗೆ ಇನ್ನು ಇದರಿಂದ ಏನೂ ಆಗಬೇಕಾಗಿಲ್ಲ, ಆ ವಠಾರದ ಜಾಗದಲ್ಲಿ ಈಗ ಕಂಬಗಳು ಎದ್ದಿವೆ. ಆದರೂ ಇಂಥ ತೀರ್ಪನ್ನು ಕಂಡವರು, ಅಥವಾ ತಮ್ಮ ಮನೆಯಲ್ಲೇ ಹೀಗಾಗಿ ಬೇರೆ ದಾರಿ ಕಂಡುಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ನನಗೆ ನಾಲ್ಕು ಸಾಲು ಬರೆಯಿರಿ.